ಕೆಂಪಾಗುವ ಮೊದಲೇ ಹಾಕಿದ ಹನಿ

ದ್ರಾಕ್ಷಿ ತೋಟದ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಮೊದಲು ನೋಯುವುದು ಕತ್ತು. ಚಪ್ಪರ ತಲೆಗಿಂತ ಒಂದು ಗೇಣು ಮೇಲಿರುತ್ತದೆ, ಗೊಂಚಲು ಅಲ್ಲಿಂದ ಕೆಳಗೆ ಇಳಿದಿರುತ್ತದೆ. ಬೆಳಿಗ್ಗೆ ಏಳಕ್ಕೆ ಮುಖ ಮೇಲೆತ್ತಿದರೆ ಹನ್ನೊಂದರವರೆಗೆ ಇಳಿಸುವಂತಿಲ್ಲ. ಕತ್ತು ಹದಿನೈದು ದಿನಕ್ಕೆ ಒಗ್ಗಿಕೊಳ್ಳುತ್ತದೆ. ಕಣ್ಣು ಒಗ್ಗಿಕೊಳ್ಳುವುದಿಲ್ಲ. ಅದು ತಕರಾರು ಹೇಳಲು ಹತ್ತು ವರ್ಷ ತೆಗೆದುಕೊಳ್ಳುತ್ತದೆ ಅಷ್ಟೆ. ಇದು ನನಗೆ ಅರವತ್ತೊಂದನೇ ವಯಸ್ಸಿನಲ್ಲಿ ಗೊತ್ತಾಯಿತು. 

ನನ್ನ ಹೆಸರು ಪೆರಿಯಣ್ಣನ್. ತಮಿಳುನಾಡಿನ ಬೆಟ್ಟದಡಿಯ ಕಣಿವೆಯಲ್ಲಿ, ಕಂಬಂ ಊರಿನಿಂದ ಎರಡು ಮೈಲಿ ಪಡುವಲಿಗೆ ನಮ್ಮ ಎರಡೂವರೆ ಎಕರೆ ಪನ್ನೀರ್ ದ್ರಾಕ್ಷಿ ತೋಟ, ಪನ್ನೀರ್ ಎಂದರೆ ಇಲ್ಲಿನ ಕಪ್ಪು ತಳಿ. ನಮ್ಮದು ಎನ್ನುವಾಗ ನನ್ನ ಜೊತೆ ತಂಗಿ ಮುತ್ತುಲಕ್ಷ್ಮಿಯನ್ನೂ ಸೇರಿಸಿ ಹೇಳುತ್ತೇನೆ. ಅವಳ ಗಂಡ ಲಾರಿಯಲ್ಲಿ ಹೋದವನು ತಿರುಗಿ ಬರಲಿಲ್ಲ, ಅಪಘಾತ. ಮೂರು ವರ್ಷದ ಮಗಳು ಜನನಿಯನ್ನು ಸೊಂಟದಲ್ಲಿ ಕೂರಿಸಿಕೊಂಡು ಅವಳು ತವರಿಗೆ ಬಂದಾಗ ತೋಟದಲ್ಲಿ ಇನ್ನೂ ಕಲ್ಲುಕಂಬ ನೆಡುತ್ತಿದ್ದೆವು. ಇಪ್ಪತ್ತೈದು ವರ್ಷ ಆ ಚಪ್ಪರದ ಕೆಳಗೆ ನನಗಿಂತ ಹೆಚ್ಚು ನಿಂತವಳು ಅವಳು. ನನಗೆ ಹೆಂಡತಿ ಮಕ್ಕಳಿಲ್ಲ. ನನ್ನ ಸಿಟ್ಟು ತಡೆದುಕೊಳ್ಳುವವಳು ಸಿಗಲಿಲ್ಲ ಎಂದು ಮುತ್ತುಲಕ್ಷ್ಮಿ ಎಲ್ಲರ ಮುಂದೆ ಹೇಳುತ್ತಾಳೆ, ನಾನು ಅಲ್ಲ ಎನ್ನುವುದಿಲ್ಲ.

ಅವಳ ಕೈಗುಣ ಕಾಯಿ ಬಿಡಿಸುವುದರಲ್ಲಿ. ಗೊಂಚಲಲ್ಲಿ ಕಾಯಿ ಒತ್ತೊತ್ತಾಗಿ ಕಟ್ಟಿದರೆ ಒಳಗಿನವು ಕೊಳೆಯುತ್ತವೆ. ಸಣ್ಣ ಕತ್ತರಿ ಹಿಡಿದು ಮಧ್ಯದ ಕಾಯಿಗಳನ್ನು ತೆಗೆದು ಜಾಗ ಮಾಡಬೇಕು, ಉಳಿದ ಕಾಯಿಗೆ ಕತ್ತರಿಯ ತುದಿ ತಾಕಬಾರದು. ಅವಳು ಕೆಳಗೆ ನಿಂತು ಒಮ್ಮೆ ನೋಡಿ ಎರಡೇ ಬೆರಳಲ್ಲಿ ಗೊಂಚಲನ್ನು ತಿರುಗಿಸಿ ಕತ್ತರಿ ಆಡಿಸುತ್ತಿದ್ದಳು. ಬೇರೆ ತೋಟದವರು ತಮ್ಮ ಹೆಂಗಸರನ್ನು ಕಲಿಯಲು ಕಳಿಸುತ್ತಿದ್ದರು. ನನಗೆ ಒಳಗೊಳಗೇ ಜಂಬ, ಹೊರಗೆ ಮಾತ್ರ 'ಬೇಗ ಬೇಗ' ಎಂದು ಗದರುತ್ತಿದ್ದೆ.

ಐದು ವರ್ಷದ ಹಿಂದೆ ಕಂಬಂ ಶಾಲೆಯಲ್ಲಿ ಕಣ್ಣಿನ ಕ್ಯಾಂಪ್ ನಡೆಯಿತು. ನನ್ನ ಬಲಗಣ್ಣಿಗೆ ಪೊರೆ ಬಂದಿತ್ತು, ತೋರಿಸಲು ಹೋದೆ. ಜೊತೆಗೆ ಬಂದ ಮುತ್ತುಲಕ್ಷ್ಮಿಯ ಕಣ್ಣನ್ನೂ ಟಾರ್ಚ್ ಹಾಕಿ ನೋಡಿದರು. ಅವಳ ಎರಡೂ ಕಣ್ಣಲ್ಲಿ, ಮೂಗಿನ ಕಡೆಯ ಬಿಳಿಯ ಮೇಲೆ, ಹಳದಿ ಬೆರೆತ ಒಂದು ಮಾಂಸದ ಪದರ. ಎಡಗಣ್ಣಿನದು ಬಿಳಿಯಲ್ಲೇ ಗಂಟಾಗಿ ಕೂತಿತ್ತು. ಬಲಗಣ್ಣಿನದು ಮೂರು ಮೂಲೆಯಾಗಿ ಹರಡಿ, ಅದರ ಚೂಪು ತುದಿ ಕರಿಗುಡ್ಡೆಯ ಅಂಚು ದಾಟಿತ್ತು. ನಮ್ಮಲ್ಲಿ ಇದನ್ನು ಸದೆ ಎನ್ನುತ್ತಾರೆ. ತೋಟದಲ್ಲಿ, ಗದ್ದೆಯಲ್ಲಿ, ರಸ್ತೆ ಕೆಲಸದಲ್ಲಿ ಇರುವವರಲ್ಲಿ ಬೇಕಾದಷ್ಟು ಜನರಿಗೆ ಇರುತ್ತದೆ, ಯಾರೂ ಲೆಕ್ಕಕ್ಕೆ ಇಡುವುದಿಲ್ಲ.

ಕ್ಯಾಂಪಿನ ಡಾಕ್ಟರ್ ಚೆನ್ನಾಗಿಯೇ ಹೇಳಿದರು. ಬಿಸಿಲು, ಗಾಳಿ, ಧೂಳು ವರ್ಷಗಟ್ಟಲೆ ಬಿದ್ದು ಬೆಳೆಯುವಂಥದ್ದು, ಕ್ಯಾನ್ಸರ್ ಅಲ್ಲ, ಹೆದರಬೇಡಿ. ಉರಿ ಇದ್ದರೆ ಕಣ್ಣೀರಿನಂಥ ಹನಿ ಹಾಕಿ. ಬಿಸಿಲಲ್ಲಿ ಕನ್ನಡಕ ಹಾಕಿ. ಆರು ತಿಂಗಳಿಗೊಮ್ಮೆ ತೋರಿಸಿ, ಪಾಪೆಯ ಕಡೆ ನಡೆದರೆ ಆಪರೇಷನ್ ಮಾಡಿ ತೆಗೆಯುತ್ತೇವೆ.

ಅವಳು ಉತ್ತಮಪಾಳಯದಲ್ಲಿ ಒಂದು ಕಪ್ಪು ಕನ್ನಡಕ ಕೊಂಡಳು. ಕವಾತ್ತು ಮುಗಿದ ಸಮಯ, ಅಂದರೆ ಬಳ್ಳಿ ಸವರಿ ಚಪ್ಪರದಲ್ಲಿ ಒಂದು ಎಲೆಯೂ ಇಲ್ಲದ ಕಾಲ. ಮೇಲೆ ನೋಡಿದರೆ ಬರೀ ತಂತಿ ಮತ್ತು ಆಕಾಶ. ಟೋಪಿ ಹಾಕಿದರೂ ಉಪಯೋಗವಿಲ್ಲ, ಮುಖ ಎತ್ತಿದವರಿಗೆ ಟೋಪಿಯ ನೆರಳು ಬೆನ್ನಿಗೆ ಬೀಳುತ್ತದೆ. ಕನ್ನಡಕ ಹಾಕಿ ನಿಂತ ಅವಳನ್ನು ನೋಡಿ ಕೆಲಸದ ಹೆಂಗಸರು ನಕ್ಕರು. ನಾನೂ ನಕ್ಕೆ.

"ಏನಮ್ಮಾ, ಶೂಟಿಂಗಾ? ಹೀರೋಯಿನ್ ಯಾರು, ನೀನೋ, ನಿನ್ ಕತ್ತರಿಯೋ?" ಎಂದೆ.

"ನಗು ಅಣ್ಣಾ, ನಗು. ಕಣ್ ಉರಿಯೋದು ನಂಗೆ ತಾನೆ" ಎಂದಳು.

ಕಾಯಿ ಬಣ್ಣ ತಿರುಗುವ ಹೊತ್ತಿಗೆ ಆ ಕನ್ನಡಕ ಹಾಕಿ ಕೊಯ್ದು ಎರಡು ಕ್ರೇಟು ಅರೆಹಣ್ಣು ತುಂಬಿಬಿಟ್ಟಳು. ಕಪ್ಪು ಗಾಜಿನಲ್ಲಿ ಎಲ್ಲವೂ ಹಣ್ಣಾಗಿಯೇ ಕಂಡಿತ್ತು. ವ್ಯಾಪಾರಿ ಅದನ್ನು ಪಕ್ಕಕ್ಕೆ ಸರಿಸಿದ. ನನಗೆ ತಲೆ ಕೆಟ್ಟಿತು. ಅವಳ ಮೂಗಿನ ಮೇಲಿಂದ ಕನ್ನಡಕ ತೆಗೆದು ಪಂಪುಮನೆಯ ಮಾಡಿನಲ್ಲಿ ಸಿಕ್ಕಿಸಿದೆ. 

ಅದೇ ವರ್ಷ ನನ್ನ ಪೊರೆಯ ಆಪರೇಷನ್ ಆಯಿತು. ಮನೆಗೆ ಬರುವಾಗ ಒಂದು ಹನಿ ಮದ್ದು ಕೊಟ್ಟು, ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ಐದು, ಹೀಗೆ ಇಳಿಸುತ್ತಾ ಆರು ವಾರಕ್ಕೆ ನಿಲ್ಲಿಸಿ ಎಂದು ಚೀಟಿಯಲ್ಲಿ ಬರೆದರು. ನಾನು ನಿಲ್ಲಿಸಿದೆ. ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಆಗ ಆಷಾಢದ ಹೊತ್ತಿನ ಆಡಿ ತಿಂಗಳು, ಕೇರಳದ ಕಡೆಯಿಂದ ಬೆಟ್ಟ ದಾಟಿ ಬರುವ ಗಾಳಿ ಮಣ್ಣು ಎತ್ತಿ ಎಸೆಯುವ ಕಾಲ. ಮುತ್ತುಲಕ್ಷ್ಮಿಯ ಬಲಗಣ್ಣು ಕೆಂಡವಾಗಿತ್ತು.

"ಬಾ ಇಲ್ಲಿ. ಇದು ದೊಡ್ಡಾಸ್ಪತ್ರೆ ಮದ್ದು" ಎಂದು ನಾನೇ ಎರಡು ಹನಿ ಹಾಕಿದೆ.

ಮರುದಿನಕ್ಕೆ ಕೆಂಪು ಅರ್ಧ ಇಳಿಯಿತು. ಮೂರನೇ ದಿನಕ್ಕೆ ಕಣ್ಣು ಬೆಳ್ಳಗಾಗಿ ಸದೆಯೂ ತೆಳ್ಳಗೆ ಕಂಡಿತು. ಅವಳು ಕನ್ನಡಿಯಲ್ಲಿ ನೋಡಿಕೊಂಡು ಖುಷಿಯಾದಳು. ನಾನು ಅವಳಿಗಿಂತ ಖುಷಿಯಾದೆ. ಬಿಟ್ಟು ಹತ್ತು ದಿನಕ್ಕೆ ಮತ್ತೆ ಕೆಂಪಾಯಿತು, ಮತ್ತೆ ಹಾಕಿದೆ, ಮತ್ತೆ ಹೋಯಿತು.

ಇಲ್ಲಿ ನನ್ನ ಬುದ್ಧಿ ಕೆಲಸ ಮಾಡಿತು. ದ್ರಾಕ್ಷಿ ಬೆಳೆಯುವವನ ಬುದ್ಧಿ. ನಾವು ಎಲೆಯ ಮೇಲೆ ಬೂದಿರೋಗ ಕಾಣುವವರೆಗೂ ಕಾಯುವುದಿಲ್ಲ. ಕಂಡ ಮೇಲೆ ಹೊಡೆದರೆ ಬೆಳೆ ಹೋದಂತೆಯೇ. ಚಿಗುರು ಇಷ್ಟು ಎಲೆಯಾದಾಗ ಒಂದು ಸಲ, ಹೂವಿಗೆ ಮುಂಚೆ ಒಂದು ಸಲ, ಮೋಡ ಕವಿದರೆ ಇನ್ನೊಂದು ಸಲ, ರೋಗ ಇರಲಿ ಬಿಡಲಿ ಹೊಡೆಯುತ್ತೇವೆ. ಈ ಕಣಿವೆಯಲ್ಲಿ ಹಾಗೆ ಮಾಡದವನನ್ನು ಸೋಮಾರಿ ಎನ್ನುತ್ತಾರೆ. ನಾನು ಸೋಮಾರಿಯಲ್ಲ. ಕೆಂಪಾದ ಮೇಲೆ ಹಾಕುವುದಕ್ಕಿಂತ ಕೆಂಪಾಗುವ ಮೊದಲೇ ಹಾಕಿದರೆ ಸದೆ ಬೆಳೆಯುವುದೇ ಇಲ್ಲ ಎಂದು ತೀರ್ಮಾನಿಸಿದೆ. ಬಲಗಣ್ಣಿಗೆ ಬೆಳಿಗ್ಗೆ ಸಂಜೆ, ಎಡಗಣ್ಣಿಗೆ ಬೆಳಿಗ್ಗೆ ಮಾತ್ರ. ಬಾಟಲಿ ಮುಗಿದರೆ ನನ್ನ ಹಳೆಯ ಚೀಟಿ ಹಿಡಿದುಕೊಂಡು ಹೋದೆ, ಮೆಡಿಕಲ್ ಅಂಗಡಿಯವನು ಕೊಟ್ಟ. ಕೆಲವು ತಿಂಗಳ ಮೇಲೆ ಚೀಟಿಯನ್ನೂ ಕೇಳಲಿಲ್ಲ.

ನಾಲ್ಕು ವರ್ಷ. ಮಳೆ ಬರಲಿ, ಮದುವೆ ಬರಲಿ, ಒಂದು ದಿನ ತಪ್ಪಿಸಲಿಲ್ಲ. ಆರು ತಿಂಗಳಿಗೊಮ್ಮೆ ತೋರಿಸಬೇಕು ಎಂದು ಕ್ಯಾಂಪಿನವರು ಹೇಳಿದ್ದು ಅವಳಿಗೆ ನೆನಪಿತ್ತು, ಒಂದೆರಡು ಸಲ ಕೇಳಿದಳು ಕೂಡ. ನಮ್ಮ ತೋಟದಲ್ಲಿ ಎರಡು ವರ್ಷಕ್ಕೆ ಮೂರು ಬೆಳೆ. ಒಂದು ಕೊಯ್ಲು ಮುಗಿದರೆ ಕವಾತ್ತು, ಕವಾತ್ತು ಮುಗಿದರೆ ಚಿಗುರು ಕಟ್ಟುವುದು. ಬಿಡುವು ಎನ್ನುವುದು ಯಾವತ್ತೂ ಬರಲಿಲ್ಲ. ಕಣ್ಣು ಬೆಳ್ಳಗಿದೆಯಲ್ಲ, ಇನ್ನೇನು ತೋರಿಸುವುದು ಎಂದೆ.

ಹೋದ ವರ್ಷದಿಂದ ಅವಳ ಕೆಲಸದಲ್ಲಿ ಓರೆಕೋರೆ ಕಾಣತೊಡಗಿತು. ಅವಳು ಮುಗಿಸಿದ ಸಾಲಿನಲ್ಲಿ ಅಂಚಿನ ಗೊಂಚಲುಗಳು ಹಾಗೇ ಉಳಿದಿರುತ್ತಿದ್ದವು. ನೇರ ಎದುರಿಗಿದ್ದದ್ದನ್ನು ಮೊದಲಿನಂತೆಯೇ ಬಿಡಿಸುತ್ತಿದ್ದಳು, ಪಕ್ಕದ್ದನ್ನು ಬಿಟ್ಟು ಮುಂದೆ ಹೋಗುತ್ತಿದ್ದಳು. ಕಲ್ಲುಕಂಬಕ್ಕೆ ಭುಜ ತಾಗಿಸಿಕೊಳ್ಳುತ್ತಿದ್ದಳು. ಒಂದು ದಿನ ಮದ್ದು ಹೊಡೆಯುವ ಮಾಯಾಂಡಿಯ ಕ್ಯಾನನ್ನು ಎಡವಿ ಬಿದ್ದಳು.

"ಏನ್ ಮುತ್ತು, ಮನಸ್ಸೆಲ್ಲಿ ಇಟ್ಕೊಂಡು ಕೆಲ್ಸ ಮಾಡ್ತಿ? ಅಷ್ಟು ದೊಡ್ಡ ಕ್ಯಾನ್ ಕಾಣಲ್ವಾ?" ಎಂದು ಎಲ್ಲರ ಮುಂದೆ ಕಿರುಚಿದೆ.

"ಕಾಣ್ಲಿಲ್ಲ ಅಣ್ಣಾ" ಎಂದಳು. ನಿಜ ಹೇಳುತ್ತಿದ್ದಾಳೆಂದು ನನಗೆ ಹೊಳೆಯಲಿಲ್ಲ.

ಸಂಜೆ ಅವಳೇ ಮಾತೆತ್ತಿದಳು. "ಬಲಗಣ್ಣು ಮಂಜಾಗ್ಯದೆ. ಸದೆ ಪಾಪೆ ಹತ್ರ ಬಂದುಬಿಡ್ತೇನೋ. ಈ ಸಲ ಕುಯ್ಸಿಬಿಡೋಣ ಅಣ್ಣಾ. ಕುಯ್ದ್ರೆ ಸೆರಿಯಾಗ್ತದೆ ಅಂತ ಆವತ್ತೇ ಹೇಳಿದ್ರಲ್ಲ."

ನೋಡಿದೆ. ಹೌದು, ತುದಿ ಪಾಪೆಯ ಹತ್ತಿರಕ್ಕೆ ಬಂದಿತ್ತು. ಕೆಂಪಿರಲಿಲ್ಲ ಎಂಬ ಕಾರಣಕ್ಕೆ ನಾನು ಗಮನಿಸಿರಲಿಲ್ಲ ಅಷ್ಟೆ. ಕೊಯ್ಲು ಮುಗಿದ ಮಾರನೆಯ ದಿನವೇ ಹೋಗೋಣ ಎಂದೆ. ಈ ಸಲ ಮಾತಿಗೆ ತಪ್ಪಲಿಲ್ಲ.

ತೇನಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವಾಗ ಅವಳು ಉತ್ಸಾಹದಲ್ಲಿದ್ದಳು. ಆಪರೇಷನ್ ಆದರೆ ದಿಂಡಿಗಲ್ಲಿಗೆ ಹೋಗಿ ಹದಿನೈದು ದಿನ ಜನನಿಯ ಮನೆಯಲ್ಲಿ ಕೂತು ತಿನ್ನುತ್ತೇನೆ, ನೀನೇ ಅಡುಗೆ ಮಾಡಿಕೋ ಎಂದು ನನ್ನನ್ನು ಗೋಳು ಹುಯ್ದುಕೊಂಡಳು. ಜನನಿ ದಿಂಡಿಗಲ್ಲಿನ ಒಂದು ಶಾಲೆಯಲ್ಲಿ ಟೀಚರ್.

ಆಸ್ಪತ್ರೆಯಲ್ಲಿ ಅಕ್ಷರ ಓದಿಸಿದರು. ಒಂದು ಮಶೀನಿನ ಮುಂದೆ ಕೂರಿಸಿ ಕಣ್ಣಿನ ಒತ್ತಡ ನೋಡಿದರು. ನೋಡಿದ ಹುಡುಗಿ ಇನ್ನೊಮ್ಮೆ ನೋಡಿದಳು, ಎದ್ದು ಹೋಗಿ ಡಾಕ್ಟರಿಗೆ ಏನೋ ಹೇಳಿದಳು. ಆಮೇಲೆ ಕತ್ತಲ ಕೋಣೆಯಲ್ಲಿ ಇನ್ನೊಂದು ಪರೀಕ್ಷೆ. ಬಟ್ಟಲಿನಂಥ ಮಶೀನಿನೊಳಗೆ ಮುಖವಿಟ್ಟು, ಮಧ್ಯದ ಬೆಳಕನ್ನೇ ನೋಡುತ್ತಾ, ಸುತ್ತ ಎಲ್ಲಾದರೂ ಚುಕ್ಕಿ ಹೊಳೆದರೆ ಕೈಯಲ್ಲಿನ ಬಟನ್ ಒತ್ತಬೇಕು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಅವಳ ಹೆಬ್ಬೆರಳು ಬಟನ್ ಮೇಲೆ ಸುಮ್ಮನೆ ಕೂತಿತ್ತು. ಎಷ್ಟೋ ಹೊತ್ತಿಗೊಮ್ಮೆ ಒತ್ತುತ್ತಿದ್ದಳು. ಸುಲಭದ ಪರೀಕ್ಷೆ, ಚುಕ್ಕಿ ಕಮ್ಮಿ ಬರುತ್ತಿರಬೇಕು ಎಂದುಕೊಂಡೆ.

ಡಾಕ್ಟರ್ ನಿವೇತಾಗೆ ಮೂವತ್ತೈದು ವಯಸ್ಸಿರಬಹುದು. ನಿಧಾನವಾಗಿ ಮಾತಾಡಿದರು.

"ಸದೆ ಇದೆ ಅಮ್ಮಾ, ಅದನ್ನು ತೆಗೆಯಬಹುದು. ಆದರೆ ನಿಮಗೆ ಮಂಜಾಗಿರುವುದು ಬರೀ ಸದೆಯಿಂದ ಅಲ್ಲ. ಕಣ್ಣಿನೊಳಗಿನ ಒತ್ತಡ ಇಪ್ಪತ್ತೊಂದರ ಒಳಗಿರಬೇಕು. ನಿಮ್ಮ ಬಲಗಣ್ಣಲ್ಲಿ ನಲವತ್ತು, ಎಡಗಣ್ಣಲ್ಲಿ ಮೂವತ್ತೆರಡು. ಗ್ಲಾಕೋಮಾ. ಹಿಂದಿನ ನರ ಒಣಗಿಬಿಟ್ಟಿದೆ. ನೀವು ಕಣ್ಣಿಗೆ ಏನಾದರೂ ಹನಿ ಹಾಕುತ್ತೀರಾ?"

ಮುತ್ತುಲಕ್ಷ್ಮಿ ಚೀಲದಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು. ತಪ್ಪದೆ ಹಾಕಿಕೊಳ್ಳುತ್ತೇನೆ ಎಂದು ಹೆಮ್ಮೆಯಿಂದಲೇ ಹೇಳಿದಳು. ಡಾಕ್ಟರ್ ಹೆಸರು ಓದಿದರು.

"ಎಷ್ಟು ದಿನದಿಂದ?"

"ನಾಲ್ಕು ವರ್ಷ."

ಡಾಕ್ಟರ್ ಬಾಟಲಿಯನ್ನು ಮೇಜಿನ ಮೇಲೆ ಇಟ್ಟರು. ಇದು ಸ್ಟೀರಾಯ್ಡ್ ಎಂದರು. ಆಪರೇಷನ್ ಆದವರಿಗೆ ಕೆಲವು ವಾರ ಕೊಡುವ ಮದ್ದು, ಅದೂ ಒತ್ತಡ ನೋಡುತ್ತಾ ಕೊಡಬೇಕು. ಕೆಂಪನ್ನು ಇಳಿಸುತ್ತದೆ, ಸದೆಯನ್ನು ನಿಲ್ಲಿಸುವುದಿಲ್ಲ. ಕೆಲವರ ಕಣ್ಣಲ್ಲಿ ತಿಂಗಳೊಳಗೆ ಒತ್ತಡ ಏರಿಸುತ್ತದೆ. ನೋವಿರುವುದಿಲ್ಲ. ನೋಟ ಅಂಚಿನಿಂದ ಹೋಗುತ್ತಾ ಬರುತ್ತದೆ, ನೇರ ಕಾಣುವುದು ಕೊನೆಯವರೆಗೂ ಉಳಿದಿರುತ್ತದೆ, ಹಾಗಾಗಿ ಗೊತ್ತಾಗುವುದಿಲ್ಲ. ಕಾಗದದ ಮೇಲೆ ಅಚ್ಚಾಗಿ ಬಂದ ಎರಡು ವೃತ್ತಗಳನ್ನು ತೋರಿಸಿದರು. ಬಲಗಣ್ಣಿನದು ನಡುವೆ ಒಂದು ಸಣ್ಣ ಬಿಳಿ ಬಿಟ್ಟರೆ ಪೂರಾ ಕಪ್ಪು. ಎಡಗಣ್ಣಿನದರಲ್ಲಿ ಮೇಲಿನ ಅರ್ಧ ಕಪ್ಪು.

ಮೇಲಿನ ಅರ್ಧ. ಚಪ್ಪರ ಇರುವ ಕಡೆ.

"ಇದು ತಿರುಗಿ ಬರ್ತದಾ?" ಎಂದು ಅವಳು ಕೇಳಿದಳು.

"ಹೋದದ್ದು ಬರುವುದಿಲ್ಲ ಅಮ್ಮಾ. ಉಳಿದದ್ದನ್ನು ಉಳಿಸಿಕೊಳ್ಳೋಣ. ಈ ಹನಿಯನ್ನು ಇವತ್ತೇ ಬಿಡಬೇಕು. ಒತ್ತಡ ಇಳಿಸುವ ಬೇರೆ ಹನಿ ಕೊಡುತ್ತೇನೆ, ಜೀವನಪೂರ್ತಿ ಹಾಕಬೇಕಾಗಬಹುದು."

ಸದೆಯ ಆಪರೇಷನ್ ಬಗ್ಗೆ ನಾನು ಕೇಳಿದೆ. ಏನಾದರೂ ಕೇಳಬೇಕಿತ್ತು. ಅದು ಸಾಮಾನ್ಯವಾಗಿ ಮುಕ್ಕಾಲು ಗಂಟೆಯ ಕೆಲಸ ಎಂದರು. ಸದೆ ತೆಗೆದು, ಅದೇ ಕಣ್ಣಿನ ಮೇಲ್ರೆಪ್ಪೆಯಡಿಯಿಂದ ತೆಳುವಾದ ಪದರ ತೆಗೆದು ಆ ಜಾಗಕ್ಕೆ ಅಂಟಿಸುತ್ತಾರೆ. ಹಾಗೆ ಅಂಟಿಸಿದರೆ ಮತ್ತೆ ಬೆಳೆಯುವುದು ಕಮ್ಮಿ. ಈಗ ಅದೂ ಸುಲಭವಲ್ಲ. ಒತ್ತಡ ಇಳಿಯದಿದ್ದರೆ ಮುಂದೆ ಅದಕ್ಕೊಂದು ಆಪರೇಷನ್ ಬೇಕಾಗಬಹುದು, ಅದಕ್ಕೆ ಮೇಲ್ಭಾಗದ ಪದರವನ್ನು ಮುಟ್ಟದೆ ಇಡಬೇಕು, ಕೆಳಗಿನಿಂದ ತೆಗೆಯಬೇಕು. ಆಪರೇಷನ್ ಆದ ಮೇಲೆ ಎಲ್ಲರಿಗೂ ಕೊಡುವ ಸ್ಟೀರಾಯ್ಡ್ ಹನಿಯನ್ನು ಇವಳಿಗೆ ಎಚ್ಚರದಿಂದಲೇ ಕೊಡಬೇಕು. ಮೊದಲು ಒತ್ತಡ, ಆಮೇಲೆ ಸದೆ. ಐದು ವರ್ಷದ ಹಿಂದೆ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸ.

"ಬಿಸಿಲಿಗೆ ಕನ್ನಡಕ ಹಾಕಲಿಲ್ಲವಾ?"

"ಕಪ್ಪು ಗಾಜಲ್ಲಿ ಹಣ್ಣಿನ ಬಣ್ಣ ಗೊತ್ತಾಗಲ್ಲ ಡಾಕ್ಟರ್" ಎಂದೆ ನಾನು.

"ಕಪ್ಪು ಯಾಕೆ ಬೇಕು? ಬಿಸಿಲಿನ ಕೆಟ್ಟ ಕಿರಣ ತಡೆಯುವ ಬಣ್ಣವಿಲ್ಲದ ಗಾಜೂ ಸಿಗುತ್ತದೆ. ಪಕ್ಕ ಮುಚ್ಚುವಂಥದ್ದು ತಗೊಂಡರೆ ಧೂಳೂ ಬರುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆವಲ್ಲ."

ಕೇಳಿದ್ದರೆ. ನಾನು ಯಾರನ್ನು ಕೇಳಿದೆ?

ಡಾಕ್ಟರ್ ಮತ್ತೆ ಬಾಟಲಿ ಎತ್ತಿಕೊಂಡರು. "ಇದನ್ನು ನಿಮಗೆ ಕೊಟ್ಟವರು ಯಾರು?"

ಬಾಯಿ ತೆರೆಯಬೇಕಿತ್ತು. ಎರಡು ಮಾತು, ನಾನೇ ಕೊಟ್ಟದ್ದು. ನಾನು ಕಪ್ಪು ವೃತ್ತಗಳ ಕಾಗದವನ್ನು ಮಡಿಸತೊಡಗಿದೆ. ಮುತ್ತುಲಕ್ಷ್ಮಿ ನನ್ನ ಕಡೆ ತಿರುಗಲಿಲ್ಲ.

"ನಾನೇ ಡಾಕ್ಟರಮ್ಮಾ. ಅಂಗಡೀಲಿ ಕೇಳಿ, ದುಡ್ ಕೊಟ್ಟು ವಾಂಗಿಕೊಂಡೆ" ಎಂದಳು.

ಡಾಕ್ಟರಿಗೆ ಸಿಟ್ಟು ಬಂತು. ನ್ಯಾಯವಾದ ಸಿಟ್ಟು. ವಾರಕ್ಕೆ ಇಂಥ ನಾಲ್ಕು ಜನರನ್ನು ನೋಡುತ್ತೇನೆ, ಬಾಟಲಿ ಮೇಲೆ ಬರೆದದ್ದನ್ನು ಓದಿಸಿಕೊಳ್ಳಲೂ ಆಗಲಿಲ್ಲವಾ, ನಿಮ್ಮ ಕಣ್ಣಿನ ಮೇಲೆ ನಿಮಗೇ ಅಕ್ಕರೆ ಇಲ್ಲವಾ ಎಂದು ಬೈದರು. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಎಲ್ಲರ ಮೇಲೂ ಕಿರುಚುವ ನಾನು ಪಕ್ಕದ ಸ್ಟೂಲಿನ ಮೇಲೆ ಮೂಗನಾಗಿ ಕೂತಿದ್ದೆ. ನನ್ನ ಜೀವನದಲ್ಲಿ ನನಗೆ ಅಷ್ಟು ಅಸಹ್ಯವಾದ ಹೊತ್ತು ಇನ್ನೊಂದಿಲ್ಲ.

ಮರಳುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತಳು. ಚಿನ್ನಮನೂರು ದಾಟಿತು. ಆಮೇಲೆ ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿ, ತೆರೆದು, ಹೊರಗಿನ ಬಾಳೆತೋಟವನ್ನು ನೋಡುತ್ತಾ ಹೋದಳು.

"ಯಾಕೆ ಹಂಗೆ ಹೇಳ್ದೆ?" ಎಂದು ಕೇಳಿದೆ.

"ನೀನು ಹೇಳ್ತಿ ಅಂತ ನೋಡ್ದೆ ಅಣ್ಣಾ. ನೀನು ಹೇಳ್ಲಿಲ್ಲ. ಯಾರಾದ್ರೂ ಹೇಳ್ಬೇಕಿತ್ತಲ್ಲ" ಎಂದಳು. ಅಷ್ಟೇ. ಕೋಪವಿರಲಿಲ್ಲ ದನಿಯಲ್ಲಿ, ಇದ್ದಿದ್ದರೆ ನನಗೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಜನನಿಯ ಫೋನ್. ಮುತ್ತುಲಕ್ಷ್ಮಿ ಸ್ಪೀಕರ್ ಹಾಕಿ ಎಲ್ಲ ಹೇಳಿದಳು. ಒತ್ತಡ, ನರ, ಕಪ್ಪು ವೃತ್ತ. ಹನಿ ಯಾರು ಕೊಟ್ಟರು ಎಂದು ಮಗಳು ಕೇಳಿದಾಗ ಡಾಕ್ಟರಿಗೆ ಹೇಳಿದ್ದನ್ನೇ ಹೇಳಿದಳು.

ಜನನಿ ಅತ್ತಳು, ಆಮೇಲೆ ರೇಗಿದಳು. "ನಿಂಗೆ ಬುದ್ಧಿ ಇಲ್ವಾ ಅಮ್ಮಾ? ನಿನ್ ಇಷ್ಟಕ್ಕೆ ವಾಂಗಿ ಹಾಕ್ಕೊಂಡಿಯಾ? ಮಾಮನ್ನ ಒಂದ್ ಮಾತು ಕೇಳಿದ್ರೆ ಮಾಮ ಆವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ನಲ್ಲ!"

ಅದನ್ನು ನನ್ನಿಂದ ತಡೆಯಲಾಗಲಿಲ್ಲ. ಫೋನನ್ನು ಅವಳ ಕೈಯಿಂದ ತೆಗೆದುಕೊಂಡೆ.

"ನನ್ ಕಣ್ಣೇ, ನಾನು ಮಾಮ. ನಿಮ್ಮಮ್ಮ ವಾಂಗಿಲ್ಲ. ನನ್ ಮದ್ದು ಅದು. ನಾನೇ ವಾಂಗಿದ್ದು, ನಾನೇ ಹಾಕಿದ್ದು. ದಿನಾ. ಆಸ್ಪತ್ರೆಗೆ ಹೋಗೋಣ ಅಂತ ಅವಳು ಕೇಳಿದ್ಲು, ನಾನೇ ಬೇಡ ಅಂದೆ. ಡಾಕ್ಟರ್ ಕೇಳಿದಾಗ ಬಾಯಿ ಮುಚ್ಕೊಂಡು ಕೂತಿದ್ದೆ."

 ಬೈಯಲಿ ಎಂದು ಕಾದೆ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚಪ್ಪರದ ಕೆಳಗೆ ಓಡಾಡಿದವನು ನಾನು, ಅವಳ ಬಾಯಿಂದ ಬೈಸಿಕೊಳ್ಳಲು ನನಗೇನೂ ನಾಚಿಕೆಯಿರಲಿಲ್ಲ.

"ಅಮ್ಮನ ಕೈಗೆ ಕೊಡಿ ಮಾಮಾ" ಎಂದಳು. ಯಾವತ್ತೂ 'ಕೊಡು' ಎನ್ನುವ ಹುಡುಗಿ.

ಕೊಟ್ಟೆ. ಮುತ್ತುಲಕ್ಷ್ಮಿ ಸ್ಪೀಕರ್ ಆರಿಸಿ ಕಿವಿಗಿಟ್ಟುಕೊಂಡು ಒಳಗೆ ಹೋದಳು. ಹೂಂ, ಹೂಂ ಎನ್ನುವುದಷ್ಟೇ ಕೇಳಿಸಿತು. ತಿರುಗಿ ಬಂದಾಗ ಸಂಜೆ ಏಳು ಗಂಟೆ, ಹೊಸ ಹನಿ ಹಾಕುವ ಹೊತ್ತು. ನಾನು ಆಗಲೇ ಕೈ ತೊಳೆದು ಬಾಟಲಿಯ ಮುಚ್ಚಳ ತೆಗೆದು ನಿಂತಿದ್ದೆ. ಪೆಟ್ಟಿಗೆಯ ಮೇಲಿನ ಹೆಸರನ್ನು ಚೀಟಿಯ ಜೊತೆ ಒಂದೊಂದೇ ಅಕ್ಷರ ಹೋಲಿಸಿ ನೋಡಿದ್ದೆ, ಎರಡು ಸಲ.

"ಕೂತ್ಕೊ ಮುತ್ತು" ಎಂದೆ.

ಅವಳು ಕೂರಲಿಲ್ಲ. ಕೈ ಚಾಚಿದಳು. "ಕೊಡು ಅಣ್ಣಾ. ಇನ್ಮೇಲೆ ನಾನೇ ಹಾಕ್ಕೊಳ್ತೀನಿ."

ಬಾಟಲಿ ಎಲ್ಲಿದೆಯೆಂದು ಅವಳ ಬೆರಳುಗಳು ಒಂದು ಕ್ಷಣ ಗಾಳಿಯಲ್ಲಿ ಹುಡುಕಿದವು. ನಾನೇ ಅದನ್ನು ಅಂಗೈಗೆ ಮುಟ್ಟಿಸಿದೆ. ಅವಳು ಗೋಡೆಗೆ ಒರಗಿ ಮುಖ ಮೇಲೆತ್ತಿ ಬಾಟಲಿ ಹಿಡಿದಳು. ಮೊದಲ ಹನಿ ಕೆನ್ನೆಗೆ ಬಿತ್ತು. ಎರಡನೆಯದು ಹುಬ್ಬಿನ ಮೇಲೆ. ಎರಡು ಹೆಜ್ಜೆ ದೂರದಲ್ಲಿ ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಅವಳು ಕೆನ್ನೆ ಒರೆಸಿಕೊಂಡು ಮತ್ತೆ ಮುಖ ಎತ್ತಿದಳು.